ಲೆಕ್ಕ ತಪಾಸಕರ ಇಂಗ್ಲಿಷ್ ಪತ್ರವನ್ನು ಓದುವ ಬಗೆ

ಭಿವಂಡಿಯಲ್ಲಿ ರಟ್ಟಿನ ಪೆಟ್ಟಿಗೆ ತಯಾರಿಸುವ ಚಿಕ್ಕ ಪ್ರೈವೇಟ್ ಲಿಮಿಟೆಡ್ ಕಂಪನಿಯೊಂದರ ಮಾಲೀಕರು ಒಂದು ಭಾನುವಾರ ನಮ್ಮ ವಾಚನಾಲಯಕ್ಕೆ ಆರು ಪುಟದ ಇಂಗ್ಲಿಷ್ ಪತ್ರವನ್ನು ಹಿಡಿದುಕೊಂಡು ಬಂದರು. ಅದು ಅವರ ಲೆಕ್ಕ ತಪಾಸಕರಿಂದ, ಅಂದರೆ ಆಡಿಟರರಿಂದ, ಬಂದದ್ದು. ಮೇಲೆ ‘ಮ್ಯಾನೇಜ್‌ಮೆಂಟ್ ಲೆಟರ್’ ಎಂದಿತ್ತು. ‘ವೀಕ್‌ನೆಸ್’ ಎಂಬ ಮಾತು ಏಳೆಂಟು ಸಲ, ‘ಅಕೌಂಟೆಂಟ್’ ಎಂಬ ಮಾತು ಅದರ ಪಕ್ಕದಲ್ಲೇ ಬಂದಿದ್ದನ್ನು ನೋಡಿ ಅವರು ಆಗಲೇ ತೀರ್ಮಾನಕ್ಕೆ ಬಂದುಬಿಟ್ಟಿದ್ದರು. “ಹದಿನಾಲ್ಕು ವರ್ಷ ನಂಬಿದ್ದೆ ರೀ ಅವನನ್ನ. ನಾಳೆ ಮುಂಜಾನೆ ಲೆಕ್ಕ ಮುಗಿಸಿ ಮನೆಗೆ ಕಳಿಸ್ತೀನಿ” ಎಂದರು.

“ಸಾಹುಕಾರ್ರೇ, ಮೊದಲು ಪತ್ರ ಓದೋಣ” ಎಂದು ನಾವು ಅವರನ್ನು ಕೂಡಿಸಿದೆವು. ನಮ್ಮ ಓದುಗರಲ್ಲಿ ಬಹಳ ಮಂದಿ ಆ ಗುಮಾಸ್ತರ ಕುರ್ಚಿಯಲ್ಲಿಯೇ ಕುಳಿತವರಾದುದರಿಂದ, ಆ ದಿನ ಅವರಿಗೆ ಹೇಳಿದ್ದನ್ನು ಇಲ್ಲಿಯೂ ಬರೆಯುತ್ತೇವೆ.

ತಪಾಸಕರು ಕೊಡುವ ವರದಿ ಬೇರೆ, ಈ ಪತ್ರ ಬೇರೆ. ವರದಿಯು ಷೇರುದಾರರಿಗೆ ಸಲ್ಲತಕ್ಕದ್ದು. ಪತ್ರವು ಕಂಪನಿಯನ್ನು ನಡೆಸುವವರಿಗೆ ಮಾತ್ರ. ಲೆಕ್ಕ ನೋಡುವಾಗ ಒಳಹತೋಟಿಯಲ್ಲಿ ಕಂಡುಬಂದ ಮುಖ್ಯ ಕೊರತೆಗಳನ್ನು ಬರಹದಲ್ಲಿ ತಿಳಿಸಬೇಕೆಂದು ನಮ್ಮ ದೇಶದ ಲೆಕ್ಕ ತಪಾಸಣೆಯ 265ನೆಯ ಮಾನದಂಡ ಹೇಳುತ್ತದೆ. ಕೊರತೆ ಎಂದರೆ ಕಳವಲ್ಲ. ಹಿತ್ತಿಲ ಬಾಗಿಲಿಗೆ ಅಗುಳಿಯಿಲ್ಲ ಎಂದು ಹೇಳುವುದಕ್ಕೂ ಮನೆಯಲ್ಲಿ ಕಳವಾಗಿದೆ ಎಂದು ಹೇಳುವುದಕ್ಕೂ ಎಷ್ಟು ಅಂತರವೋ ಅಷ್ಟು ಅಂತರ ಇಲ್ಲಿಯೂ ಇದೆ. ಆದ್ದರಿಂದಲೇ ಆ ಪತ್ರದಲ್ಲಿ ‘ಮೇ ರಿಸಲ್ಟ್ ಇನ್’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಹೀಗಾಗಬಹುದು ಎಂದು ಅರ್ಥ, ಆಗಿದೆ ಎಂದಲ್ಲ.

ಮೊದಲನೆಯ ಕಲಮಿನ ತಲೆಬರಹ ‘ಲ್ಯಾಕ್ ಆಫ್ ಸೆಗ್ರಿಗೇಶನ್ ಆಫ್ ಡ್ಯೂಟೀಸ್’. ಕೆಲಸಗಳನ್ನು ಬೇರೆ ಬೇರೆ ಕೈಗೆ ಹಂಚಿಲ್ಲ ಎಂದು ಇದರ ತಾತ್ಪರ್ಯ. ಹೊಸ ವ್ಯಾಪಾರಿಯ ಹೆಸರನ್ನು ಗಣಕದಲ್ಲಿ ಸೇರಿಸುವವರು, ಬಿಲ್ಲು ನಮೂದಿಸುವವರು, ಹಣ ಕಳಿಸುವವರು, ತಿಂಗಳ ಕೊನೆಗೆ ಬ್ಯಾಂಕಿನ ಲೆಕ್ಕವನ್ನು ತಾಳೆ ನೋಡುವವರು, ನಾಲ್ವರೂ ಒಬ್ಬರೇ. ಅಂಥವರು ತಪ್ಪು ಮಾಡಿದರೆ ಹಿಡಿಯತಕ್ಕವರೂ ಅವರೇ ಆಗಿರುತ್ತಾರೆ. ಬೇಕೆಂದೇ ಮಾಡಿದ ತಪ್ಪಷ್ಟೇ ಅಲ್ಲ, ಕಣ್ತಪ್ಪೂ ಹಾಗೆಯೇ ಉಳಿಯುತ್ತದೆ. “ಇಂಟರ್‌ನೆಟ್ ಬ್ಯಾಂಕಿನಲ್ಲಿ ನನ್ನ ಒಪ್ಪಿಗೆ ಬೇಕೇ ಬೇಕಲ್ಲ” ಎಂದು ಮಾಲೀಕರು ಆಕ್ಷೇಪಿಸಿದರು. ಬೇಕು, ನಿಜ. ಆದರೆ ಅವರ ಪಾಸ್‌ವರ್ಡು ಗುಮಾಸ್ತರ ಡೈರಿಯಲ್ಲಿತ್ತು, ಓಟಿಪಿ ಬರುವ ಫೋನು ಗುಮಾಸ್ತರ ಮೇಜಿನ ಮೇಲಿತ್ತು. ಪತ್ರದ ಮೂರನೆಯ ಪುಟದಲ್ಲಿ ಅದೂ ಬರೆದಿತ್ತು.

ಎರಡನೆಯ ಕಲಮು ಬ್ಯಾಂಕ್ ತಾಳೆ ಪಟ್ಟಿಯದು. ಪಟ್ಟಿಯನ್ನು ತಯಾರಿಸಿದ್ದಾರೆ, ಯಾರೂ ಪರಿಶೀಲಿಸಿಲ್ಲ, ಹಳೆಯ ಬಾಬುಗಳು ಹಾಗೆಯೇ ಉಳಿದಿವೆ ಎಂದು ದೂರು. “ಲೆಕ್ಕ ಪೈಸೆಗೆ ಪೈಸೆ ಸರಿಹೋಗಿದೆಯಲ್ಲ, ಮತ್ತೇನು?” ಎಂದು ಮಾಲೀಕರು ಕೇಳಿದರು. ಪಟ್ಟಿಯನ್ನೇ ತರಿಸಿದೆವು.

2024ರ ಮಾರ್ಚ್ 31ಕ್ಕೆ ಕಂಪನಿಯ ಪುಸ್ತಕದ ಪ್ರಕಾರ ಬ್ಯಾಂಕಿನಲ್ಲಿದ್ದ ಶಿಲ್ಕು 6,42,000 ರೂಪಾಯಿ. ಬ್ಯಾಂಕಿನವರ ಪ್ರಕಾರ 7,10,000. ಕಂಪನಿ ಕೊಟ್ಟು, ಪಡೆದವರು ಇನ್ನೂ ನಗದು ಮಾಡಿಕೊಳ್ಳದ ಚೆಕ್ಕುಗಳು 83,000. ಅದನ್ನು ಪುಸ್ತಕದ ಶಿಲ್ಕಿಗೆ ಕೂಡಿಸಬೇಕು. ಕಂಪನಿ ಜಮಾ ಮಾಡಿದ್ದೇವೆಂದು ಬರೆದು, ಬ್ಯಾಂಕಿನಲ್ಲಿ ಇನ್ನೂ ಏರದ ಮೊತ್ತ 15,000. ಅದನ್ನು ಕಳೆಯಬೇಕು. ಸರಿಯಾಗಿ 7,10,000 ಬರುತ್ತದೆ. ಕೂಡುವ ಕಳೆಯುವ ಲೆಕ್ಕದಲ್ಲಿ ಏನೂ ಲೋಪವಿಲ್ಲ.

ಆದರೆ ತಾಳೆ ಪಟ್ಟಿಯಲ್ಲಿ ನೋಡತಕ್ಕದ್ದು ಮೊತ್ತವನ್ನಲ್ಲ, ತಾರೀಖನ್ನು. 83,000ದೊಳಗೆ 28,000 ರೂಪಾಯಿಯ ಒಂದು ಚೆಕ್ಕು 2023ರ ನವೆಂಬರ್ 20ರದು. 2012ರ ಏಪ್ರಿಲ್‌ನಿಂದ ನಮ್ಮಲ್ಲಿ ಚೆಕ್ಕಿನ ಆಯುಸ್ಸು ಮೂರೇ ತಿಂಗಳು. ಫೆಬ್ರವರಿಯಲ್ಲಿಯೇ ಸತ್ತ ಚೆಕ್ಕು ಮಾರ್ಚಿ ಕೊನೆಗೆ ಬಾಕಿ ಎಂದು ಕಾಣಿಸುವುದು ಹೇಗೆ? ಪಡೆದ ವ್ಯಾಪಾರಿ ಇಷ್ಟು ದಿನ ಸುಮ್ಮನಿದ್ದಾನೆಂದರೆ ಚೆಕ್ಕು ಕಳೆದುಹೋಗಿರಬೇಕು, ಇಲ್ಲವೆ ಆ ಬಾಕಿಯೇ ನಿಜವಾದದ್ದಲ್ಲ. ವಿಚಾರಿಸಿದಾಗ ಆ ಚೆಕ್ಕನ್ನು ಕಳಿಸಿಯೇ ಇರಲಿಲ್ಲ, ಕಪಾಟಿನಲ್ಲಿಯೇ ಇತ್ತು. ಅದೇ ಬಿಲ್ಲಿಗೆ ಡಿಸೆಂಬರಿನಲ್ಲಿ ಆನ್‌ಲೈನಿನಲ್ಲಿ ಹಣ ಹೋಗಿತ್ತು. ಹಣ ನಷ್ಟವಾಗಲಿಲ್ಲ. ಆದರೆ ಒಂದೇ ಬಿಲ್ಲನ್ನು ಪುಸ್ತಕದಲ್ಲಿ ಎರಡು ಸಲ ತೀರಿಸಿದಂತಾಗಿತ್ತು.

15,000ದ ಬಾಬು ಇದಕ್ಕಿಂತ ಗಂಭೀರ. ಅದು ನಗದು. ಮಾರ್ಚ್ 4ರಂದು ಬ್ಯಾಂಕಿಗೆ ಕಟ್ಟಿದೆ ಎಂದು ಬರೆದಿತ್ತು. ಚೆಕ್ಕು ಕಟ್ಟಿದರೆ ಏರಲು ಒಂದೆರಡು ದಿನ ಹಿಡಿಯಬಹುದು. ನಗದು ಕೌಂಟರಿನಲ್ಲಿ ಕೊಟ್ಟರೆ ಅದೇ ದಿನ ಖಾತೆಗೆ ಏರುತ್ತದೆ. ಇಪ್ಪತ್ತೇಳು ದಿನ ದಾರಿಯಲ್ಲಿಯೇ ಉಳಿಯುವ ನಗದು ಲೋಕದಲ್ಲಿಲ್ಲ. ಏಪ್ರಿಲ್ ತಿಂಗಳ ಬ್ಯಾಂಕ್ ಲೆಕ್ಕವನ್ನೂ ಹುಡುಕಿದೆವು, ಅಲ್ಲಿಯೂ ಇರಲಿಲ್ಲ. ಬಾಕಿ ಬಾಬು ನಿಜವೋ ಸುಳ್ಳೋ ತಿಳಿಯಲು ಇದೇ ಸುಲಭದ ದಾರಿ: ಮುಂದಿನ ತಿಂಗಳ ಹಾಳೆಯಲ್ಲಿ ಅದು ಸಿಗಬೇಕು.

ಮಾಲೀಕರ ಮುಖ ಕೆಂಪಾಯಿತು. ಆದರೂ ನಮ್ಮ ಮಾತಿಗೆ ಬೆಲೆಕೊಟ್ಟು ಮರುದಿನ ಗುಮಾಸ್ತರನ್ನು ಏಕಾಂತದಲ್ಲಿ ಕೇಳಿದರು. ಆತ ಒಂದು ಡಬ್ಬಿ ತುಂಬ ಚೀಟಿ ತಂದಿಟ್ಟನಂತೆ. ಟೆಂಪೋದವರಿಗೆ, ಹಮಾಲರಿಗೆ ಆ ನಗದಿನಿಂದಲೇ ಕೊಟ್ಟಿದ್ದ. ವೋಚರು ಬರೆಯುವ ಪದ್ಧತಿ ಇಲ್ಲದ್ದರಿಂದ, ಪುಸ್ತಕ ಸರಿದೂಗಿಸಲು ಬ್ಯಾಂಕಿಗೆ ಕಟ್ಟಿದೆ ಎಂದು ಬರೆದಿದ್ದ. ಚೀಟಿಗಳನ್ನು ಕೂಡಿಸಿದರೆ 11,200 ಆಯಿತು. ಉಳಿದ 3,800ಕ್ಕೆ ಅವನಲ್ಲಿ ಉತ್ತರವಿರಲಿಲ್ಲ. ತಿಂದನೇ, ಮರೆತನೇ? ಮಾಲೀಕರಿಗೂ ತಿಳಿಯಲಿಲ್ಲ, ನಮಗೂ ತಿಳಿಯಲಿಲ್ಲ. ಹತೋಟಿ ಇಲ್ಲದ ಕಡೆ ಪ್ರಾಮಾಣಿಕನಿಗೂ ತನ್ನ ಪ್ರಾಮಾಣಿಕತೆಯನ್ನು ತೋರಿಸಲು ಕಾಗದವಿರುವುದಿಲ್ಲ. ಗುಮಾಸ್ತಿಕೆಯ ಸಹೋದರರು ಇದನ್ನು ಗಮನಿಸಬೇಕು.

ಇನ್ನೊಂದು ಕಲಮಿನಲ್ಲಿ, ಪರೀಕ್ಷಿಸಿದ 25 ವೋಚರುಗಳಲ್ಲಿ 4ಕ್ಕೆ ಬಿಲ್ಲಿರಲಿಲ್ಲ, ‘ನಿರ್ದೇಶಕರ ಮೌಖಿಕ ಸೂಚನೆಯ ಮೇರೆಗೆ’ ಹಣ ಕೊಟ್ಟಿದೆ ಎಂದಿತ್ತು. “ನಾಲ್ಕೇ ತಾನೆ” ಎಂದರು ಮಾಲೀಕರು. ನಾಲ್ಕೇ ಅಲ್ಲ. ತಪಾಸಕರು ಇಡೀ ವರ್ಷದ ರಾಶಿಯಿಂದ ಒಂದು ಹಿಡಿ ಎತ್ತಿ ನೋಡಿದ್ದಾರೆ. ನೋಡದೆ ಉಳಿದ ರಾಶಿಯಲ್ಲಿ ಅಂಥವು ಎಷ್ಟಿವೆಯೋ. ಮೌಖಿಕ ಸೂಚನೆ ಕೊಟ್ಟ ನಿರ್ದೇಶಕರು ಯಾರು ಎಂದು ನಾವು ಕೇಳಿದಾಗ ಅವರು ನಕ್ಕು, “ಗಲ್ಲೆಗೆ ಕೈ ಹಾಕಿ ಐದು ಸಾವಿರ ತೆಗೆದುಕೊಂಡು ಹೋಗೋದು ನಾನೇ ರೀ” ಎಂದು ಒಪ್ಪಿಕೊಂಡರು.

ನಾಲ್ಕು ಜನರ ಕಚೇರಿಯಲ್ಲಿ ಎಲ್ಲ ಕೆಲಸವನ್ನೂ ಹಂಚುವುದು ಆಗದ ಮಾತು. ಅಲ್ಲಿ ಮಾಲೀಕರೇ ಎರಡನೆಯ ಕೈ ಆಗಬೇಕು. ಪಾಸ್‌ವರ್ಡು ಬದಲಿಸಿ ಓಟಿಪಿಯನ್ನು ತಮ್ಮ ಜೇಬಿನ ಫೋನಿಗೆ ತರಿಸಿಕೊಳ್ಳುವುದು, ಗುಮಾಸ್ತರು ತಯಾರಿಸಿದ ಪಾವತಿಯನ್ನು ಬಿಲ್ಲು ನೋಡಿಯೇ ಒಪ್ಪುವುದು. ಹೊಸ ವ್ಯಾಪಾರಿಯ ಹೆಸರು ಸೇರಿಸುವಾಗಲೂ, ಹಳಬರ ಬ್ಯಾಂಕ್ ಖಾತೆಯ ಸಂಖ್ಯೆ ಬದಲಾದಾಗಲೂ ಮೊದಲೇ ತಿಳಿದ ನಂಬರಿಗೆ ತಾವೇ ಫೋನು ಮಾಡಿ ಕೇಳುವುದು. ತಿಂಗಳ 10ರೊಳಗೆ ಬ್ಯಾಂಕಿನ ಹಾಳೆಯನ್ನು ತಾವೇ ತೆಗೆದು, ತಾಳೆ ಪಟ್ಟಿಯ ಪಕ್ಕದಲ್ಲಿಟ್ಟು, ತಾರೀಖುಗಳನ್ನು ನೋಡಿ ಸಹಿ ಹಾಕುವುದು. ಅರ್ಧ ಗಂಟೆಯ ಕೆಲಸ. ಗಲ್ಲೆಯಿಂದ ತಾವು ತೆಗೆದದ್ದಕ್ಕೂ ಚೀಟಿ ಬರೆಯುವುದು. ಇಷ್ಟು ಮಾಡಿದರೂ ಇಬ್ಬರು ಕೂಡಿ ಮೋಸಮಾಡಿದರೆ ಸುಲಭವಾಗಿ ಹಿಡಿಯಲಾಗದು ಎಂಬುದನ್ನೂ ಅವರಿಗೆ ಹೇಳಿದೆವು.

ಪತ್ರದ ಬಲಗಡೆ ‘ಮ್ಯಾನೇಜ್‌ಮೆಂಟ್ ರೆಸ್ಪಾನ್ಸ್’ ಎಂಬ ಖಾಲಿ ಅಂಕಣವಿತ್ತು. ಹೆಚ್ಚಿನವರು ಅಲ್ಲಿ ‘ನೋಟೆಡ್’ ಎಂದು ಗೀಚಿ ಕಳಿಸುತ್ತಾರೆ. ಮುಂದಿನ ವರ್ಷ ತಪಾಸಕರು ಹಳೆಯ ಪತ್ರವನ್ನು ಕೈಯಲ್ಲಿ ಹಿಡಿದೇ ಬರುತ್ತಾರೆ, ಸರಿಪಡಿಸದ ಕೊರತೆಯನ್ನು ಮತ್ತೆ ಬರೆಯುತ್ತಾರೆ. ಆದುದರಿಂದ ಯಾವ ಕೆಲಸ, ಯಾರು, ಯಾವ ತಾರೀಖಿನೊಳಗೆ ಎಂಬುದನ್ನು ಮಾಲೀಕರು ಕನ್ನಡದಲ್ಲಿ ಹೇಳುತ್ತ ಹೋದರು, ನಾವು ಇಂಗ್ಲಿಷಿನಲ್ಲಿ ಬರೆದೆವು. ಗುಮಾಸ್ತರು ಇನ್ನೂ ಅಲ್ಲಿಯೇ ಇದ್ದಾರೆ. 3,800 ರೂಪಾಯಿಯನ್ನು ಅವರ ಹೆಸರಿನಲ್ಲಿ ಮುಂಗಡವೆಂದು ಬರೆದು ತಿಂಗಳಿಗೆ 500ರಂತೆ ಅವರ ಒಪ್ಪಿಗೆಯಿಂದ ಮುರಿದುಕೊಂಡರು.