ಮನೆಗೆ ಗೋಡೆ ಎಳೆಯಬೇಡಿ, ಬೆಲೆ ಕಟ್ಟಿ

ಮಕ್ಕಳಾ, ಭಾವ ತೀರಿಕೊಂಡು ವರ್ಷ ತುಂಬಿತು. ದೊಡ್ಡಬಳ್ಳಾಪುರದ ಮನೆಯ ಮಾತನ್ನು ನೀವು ಮೂವರೂ ಬೇರೆ ಬೇರೆಯಾಗಿ ಬಂದು ಎತ್ತಿದಿರಿ. ಸೋದರಮಾವನಾಗಿ ಮೂವರಿಗೂ ಒಂದೇ ಮಾತು ಹೇಳುತ್ತೇನೆ.

ಅದು ಭಾವ ಮಗ್ಗದ ದುಡಿಮೆಯಿಂದ ಕೊಂಡ ಸ್ವಯಾರ್ಜಿತ ಮನೆ. ವಿಲ್ ಇಲ್ಲ. ಹಾಗಾಗಿ ನಿಮ್ಮಮ್ಮ, ನೀವಿಬ್ಬರು ಗಂಡುಮಕ್ಕಳು, ನಿಮ್ಮ ತಂಗಿ ಸೇರಿ ನಾಲ್ಕು ಸಮಪಾಲು; ಅಜ್ಜಿ ಬದುಕಿದ್ದಿದ್ದರೆ ಐದಾಗುತ್ತಿತ್ತು. ಪಿತ್ರಾರ್ಜಿತವಾದರೂ ಮಗಳಿಗೆ ಹುಟ್ಟಿನಿಂದಲೇ ಹಕ್ಕು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಆದ್ದರಿಂದ ಅರಿಶಿನ ಕುಂಕುಮಕ್ಕೆ ಅಂತ ಒಂದು ಸೀರೆ, ಒಂದಿಷ್ಟು ದುಡ್ಡು ಕೊಟ್ಟು ತಂಗಿಯ ಕೈಲಿ ಸಹಿ ಹಾಕಿಸುವ ಯೋಚನೆ ಇದ್ದರೆ ಇಂದೇ ಬಿಡಿ.

ಭಾಗ ಮಾಡುವ ಮಾತಿಗೆ ಬಂದರೆ, ಅದು 30-40ರ ಸೈಟು. ರಸ್ತೆ ಕಡೆಗೆ ಒಬ್ಬೊಬ್ಬರಿಗೆ ಏಳೂವರೆ ಅಡಿ ಬರುತ್ತದೆ. ಮೆಟ್ಟಿಲು ಯಾರದು, ಸಂಪು ಯಾರದು, ಹಿಂದಿನ ಮಗ್ಗದ ಶೆಡ್ಡಿಗೆ ದಾರಿ ಯಾರದು? ಕೋರ್ಟಿಗೆ ಹೋದರೂ ಇಂಥ ಮನೆಯನ್ನು ತುಂಡು ಮಾಡುವುದು ಕಷ್ಟ. ಅರ್ಧಕ್ಕೆ ಕಡಿಮೆಯಿಲ್ಲದ ಪಾಲಿರುವವರು ಕೇಳಿಕೊಂಡರೆ, 1893ರ ವಿಭಾಗ ಕಾಯ್ದೆಯಂತೆ ಕೋರ್ಟೇ ಮನೆ ಮಾರಿಸಿ ಹಣ ಹಂಚಬಹುದು. ಅಂಥ ಸಂದರ್ಭದಲ್ಲಿ ಕೋರ್ಟು ಕಟ್ಟಿಸಿದ ಬೆಲೆಗೆ ಬೇರೆ ಪಾಲುದಾರ ತಾನೇ ಕೊಳ್ಳುತ್ತೇನೆ ಎನ್ನಲೂ ಅವಕಾಶವಿದೆ. ಅದನ್ನೇ ವಕೀಲರ ಫೀಸಿಲ್ಲದೆ ನಮ್ಮ ಜಗಲಿಯಲ್ಲಿ ಮಾಡೋಣ.

ಚಿಕ್ಕೋನು ತಾನೇ ಸಾಲ ಮಾಡಿ ತಂದ ಮಗ್ಗಗಳನ್ನು ಮೊದಲು ಲೆಕ್ಕದಿಂದ ಹೊರಗಿಡಿ. ಆಮೇಲೆ ಅದೇ ಬೀದಿಯಲ್ಲಿ ಈಚೆಗೆ ಮಾರಾಟವಾದ ಮನೆಗಳ ಬೆಲೆ ವಿಚಾರಿಸಿ. ಮಾರ್ಗಸೂಚಿ ದರವನ್ನು ನೆಚ್ಚಬೇಡಿ. ದೇವನಹಳ್ಳಿ ವಿಮಾನ ನಿಲ್ದಾಣದ ಸುತ್ತಲಿನ ಬೆಲೆಯ ಕಥೆಗಳನ್ನಂತೂ ಕೇಳಲೇಬೇಡಿ. ಮನೆ ಬೇಕೆನ್ನುವವರು ಇಡೀ ಮನೆಗೆ ತಾವು ಕೊಡುವ ಬೆಲೆ ಬರೆದು ಲಕೋಟೆ ಮುಚ್ಚಿ ಕೊಡಲಿ. ದೊಡ್ಡೋನು 76 ಲಕ್ಷ, ತಂಗಿ 80, ಚಿಕ್ಕೋನು 84 ಬರೆದರು ಅನ್ನಿ. ಮನೆ ಚಿಕ್ಕೋನಿಗೆ; ಉಳಿದ ಮೂವರಿಗೆ ತಲಾ 21 ಲಕ್ಷದಂತೆ ಅವನು 63 ಲಕ್ಷ ಕೊಡಬೇಕು. ಕಡಿಮೆ ಬರೆದರೆ ಮನೆ ತಪ್ಪುತ್ತದೆ, ಜಂಬಕ್ಕೆ ಜಾಸ್ತಿ ಬರೆದರೆ ದುಡ್ಡು ಕೈಯಿಂದ ಹೋಗುತ್ತದೆ. ಆರು ತಿಂಗಳಲ್ಲಿ ಹಣ ಹೊಂದಿಸಲಾಗದಿದ್ದರೆ ಎರಡನೆಯ ಬೆಲೆಯವರಿಗೆ ಅವಕಾಶ. ಯಾರಿಗೂ ಆಗದಿದ್ದರೆ ನಾಲ್ವರೂ ಸಹಿ ಹಾಕಿ ಹೊರಗಿನವರಿಗೆ ಮಾರಿ. ಈ ಷರತ್ತುಗಳನ್ನು ಲಕೋಟೆ ಒಡೆಯುವ ಮುಂಚೆಯೇ ಬರೆದಿಡಿ.

ಕಾಗದದ ಕೆಲಸ ಈಗಲೇ ಶುರುವಾಗಲಿ: ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ನಗರಸಭೆಯಲ್ಲಿ ನಾಲ್ವರ ಹೆಸರಿಗೆ ಖಾತೆ. ಖಾತೆ ಕಂದಾಯ ಕಟ್ಟಲಿಕ್ಕಷ್ಟೇ, ಅದರಿಂದ ಒಡೆತನ ಬಾರದು. ಕೊಳ್ಳುವವರ ಹೆಸರಿಗೆ ಮನೆ ಪಕ್ಕಾ ಆಗಬೇಕಾದರೆ ಉಳಿದ ಮೂವರ ಹಕ್ಕು ಬಿಡುಗಡೆ ಪತ್ರ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾಗಬೇಕು, ಪಡೆದ ಹಣ ಅದರಲ್ಲಿ ನಮೂದಾಗಬೇಕು. ಪಂಚಾಯ್ತಿ ಮಾಡಿ ಬರೆದ ಬಿಳಿ ಹಾಳೆಗೆ ಬ್ಯಾಂಕು ಸಾಲ ಕೊಡುವುದಿಲ್ಲ.

ಅಕ್ಕ ಮಾತ್ರ "ನನಗ್ಯಾಕೆ ಪಾಲು, ಮಕ್ಕಳೇ ತಗೊಳ್ಳಲಿ" ಅನ್ನುತ್ತಾಳೆ, ನನಗೆ ಗೊತ್ತು. ಒಪ್ಪಬೇಡಿ. ಅವಳ ಪಾಲಿನ ಹಣ ಅವಳೊಬ್ಬಳ ಹೆಸರಿನ ಠೇವಣಿಗೆ ಹೋಗಲಿ. ಅದೇ ಮನೆಯಲ್ಲಿ ಇರುತ್ತೇನೆ ಅಂದರೆ, ಬದುಕಿರುವ ತನಕ ವಾಸದ ಹಕ್ಕು ಅವಳದೆಂದು ನೋಂದಾಯಿತ ಪತ್ರದಲ್ಲೇ ಒಂದು ಸಾಲು ಬರೆಸಿ.