ಒಂದೇ ಚೀಲವನ್ನು ಮೂರು ಸಲ ತೂಗಿದರೆ

ಹೊಳಗುಂದ



ನಿನ್ನ ಹತ್ತಿ ಗಿಡದ ರಿಪೋರ್ಟ್ ಓದಿದೆ. ದಿನಾ ನೀರುಂಡ ಗಿಡ, ಮೂರು ದಿನ ಬಾಯಾರಿದ ಗಿಡ, ಏಳು ದಿನ ಬಾಯಾರಿದ ಗಿಡ, ಹೀಗೆ ಮೂರು ಗುಂಪು. ಗುಂಪಿಗೆ ಮೂರು ಕುಂಡ. ಒಂದೊಂದು ಕುಂಡದ ಆರ್‌ಎನ್‌ಎಯನ್ನು ಪಿಸಿಆರ್ ಪ್ಲೇಟಿನ ಮೂರು ವೆಲ್‌ಗಳಲ್ಲಿ ಹಾಕಿದ್ದೀಯ. ಅಲ್ಲಿಯವರೆಗೆ ಸರಿ. ಆದರೆ ಗುಂಪಿಗೆ ಒಂಬತ್ತು ಅಳತೆ ಎಂದು ಬರೆದಿದ್ದೀಯಲ್ಲ, ಎಡವಿದ್ದು ಅಲ್ಲಿ. ಆದೋನಿ ಮಂಡಿಯಲ್ಲಿ ಒಂದೇ ಹತ್ತಿ ಚೀಲವನ್ನು ಮೂರು ಸಲ ತೂಗಿದರೆ ಮೂರು ಚೀಲದ ದುಡ್ಡು ಕೊಡುತ್ತಾರೆಯೇ? ಮೂರು ವೆಲ್ ಹೇಳುವುದು ನಿನ್ನ ಪಿಪೆಟ್ಟಿನ ಕೈ ಎಷ್ಟು ಸ್ಥಿರ ಎಂಬುದನ್ನು; ಗಿಡಗಿಡಕ್ಕೆ ಎಷ್ಟು ವ್ಯತ್ಯಾಸ ಎಂಬುದನ್ನಲ್ಲ. ಮೊದಲು ವೆಲ್‌ಗಳ ಸರಾಸರಿ ತೆಗೆ. ಆಮೇಲೆ ಉಳಿಯುವುದು ಗುಂಪಿಗೆ ಮೂರೇ ಅಂಕಿ.

ನಾನು ಹಾಗೆ ಮಾಡಿದಾಗ ಡೆಲ್ಟಾ ಸಿಟಿ ಹೀಗೆ ಬಂತು: ನೀರುಂಡವು 6.2, 5.8, 6.0, ಮೂರು ದಿನದವು 5.9, 5.3, 5.6, ಏಳು ದಿನದವು 5.1, 5.7, 5.4. ಈ ಸಂಖ್ಯೆ ಇಳಿದಷ್ಟೂ ನೀನು ಅಳೆದ ಜೀನ್ ಹೆಚ್ಚು ಚುರುಕು.

ನೀನು ಜೋಡಿ ಜೋಡಿಯಾಗಿ ಮೂರು ಟಿ-ಟೆಸ್ಟ್ ಮಾಡಿದ್ದೀಯ. ಈ ಮೂರು ಮೂರು ಅಂಕಿಗಳಲ್ಲೇ ಮಾಡಿದರೆ ಮೊದಲ ಗುಂಪಿಗೂ ಕೊನೆಯದಕ್ಕೂ ಟಿ 2.88, ಬೇಕಾದದ್ದು 2.78. ಕೂದಲೆಳೆಯಲ್ಲಿ ಪಾಸು! ಆದರೆ ಒಂದೊಂದು ಟೆಸ್ಟಿನಲ್ಲೂ ಸುಳ್ಳು ಗೆಲುವಿಗೆ ಶೇ. 5ರ ಅವಕಾಶ ಕೊಟ್ಟಿರುತ್ತೇವೆ. ಮೂರು ಸಲ ಆಡಿದರೆ ಎಲ್ಲೋ ಒಂದು ಕಡೆ ಸುಳ್ಳು ಗೆಲ್ಲುವ ಸಾಧ್ಯತೆ ಶೇ. 14ರ ಹತ್ತಿರ ಬರುತ್ತದೆ. ಮೂರು ಗುಂಪನ್ನೂ ಒಟ್ಟಿಗೆ ಅನೋವಾಕ್ಕೆ ಹಾಕಿ ನೋಡಿದೆ. ಎಫ್ 3.82 ಬಂತು, ಬೇಕಿದ್ದದ್ದು 5.14. ನಿನಗೆ ಬೇಕಿರುವುದು ನೀರುಂಡ ಗುಂಪಿನ ಜೊತೆಗಿನ ಹೋಲಿಕೆ ಮಾತ್ರ ತಾನೆ? ಅದಕ್ಕೆಂದೇ ಇರುವ ಡನೆಟ್ ಪರೀಕ್ಷೆಯನ್ನೂ ಮಾಡಿದೆ. ಅಲ್ಲೂ 2.86 ಬೇಕಾದಲ್ಲಿ 2.71.

ಅದೇ ಅನೋವಾವನ್ನು ಗುಂಪಿಗೆ ಒಂಬತ್ತು ವೆಲ್ ಎಂದು ಮಾಡಿದರೆ ಎಫ್ 15ರ ಆಸುಪಾಸಿಗೆ ಹಾರುತ್ತದೆ. ನಿನ್ನ ಚಿತ್ರದ ಮೇಲಿನ ಮೂರು ನಕ್ಷತ್ರ ಬಂದದ್ದು ಗಿಡದಿಂದಲ್ಲ, ಪ್ಲೇಟಿನಿಂದ.

ಹಾಗೆಂದು ಟಿ-ಟೆಸ್ಟ್ ಕೆಟ್ಟದ್ದಲ್ಲ. ಎರಡೇ ಗುಂಪಿದ್ದರೆ ಅದೂ ಅನೋವಾವೂ ಒಂದೇ ಉತ್ತರ ಕೊಡುತ್ತವೆ. ಟಿಯ ವರ್ಗವೇ ಎಫ್. 1908ರಲ್ಲಿ ಗಾಸೆಟ್ ಅದನ್ನು ಕಟ್ಟಿದ್ದೇ ಬಿಯರ್ ಕಾರ್ಖಾನೆಯ ಸಣ್ಣ ಸಣ್ಣ ಮಾದರಿಗಳಿಗಾಗಿ. ಆದರೆ ಮೂರನೆಯ ಗುಂಪನ್ನು ನೀನೇ ತಂದು ಕೂರಿಸಿದ ಮೇಲೆ ಅದನ್ನು ಪಂಕ್ತಿಯಿಂದ ಎಬ್ಬಿಸುವ ಹಾಗಿಲ್ಲ.

ಇನ್ನೊಂದು ಮಾತು. ‘ಬಾಯಾರಿಕೆಯಿಂದ ಏನೂ ಆಗಲಿಲ್ಲ’ ಎಂದೂ ಬರೆಯಬೇಡ. 0.6ರ ಇಳಿಕೆ ಎಂದರೆ ಸುಮಾರು ಒಂದೂವರೆ ಪಟ್ಟು ಏರಿಕೆ. ಮೂರು ಕುಂಡದಲ್ಲಿ ಅದನ್ನು ಖಚಿತಪಡಿಸಲಾಗಲಿಲ್ಲ, ಅಷ್ಟೆ. ಚಿತ್ರದಲ್ಲಿ ಒಂಬತ್ತು ಕುಂಡಗಳ ಒಂಬತ್ತು ಚುಕ್ಕೆಗಳನ್ನೇ ತೋರಿಸು, ನಕ್ಷತ್ರ ಅಳಿಸು. ಮುಂದಿನ ಸಲ ವೆಲ್ ಎರಡೇ ಸಾಕು, ಕುಂಡ ಗುಂಪಿಗೆ ಆರು ಇಡು.