ಎರಡೂವರೆ ಲಕ್ಷ ಜನ ಉತ್ತರಿಸಿದರೂ ಲೆಕ್ಕ ತಪ್ಪಿದ್ದೇಕೆ?

2021ರ ಮೇ ತಿಂಗಳು. ಅಮೆರಿಕದಲ್ಲಿ ಕೋವಿಡ್ ಲಸಿಕೆಯ ಕನಿಷ್ಠ ಒಂದು ಡೋಸನ್ನಾದರೂ ಎಷ್ಟು ವಯಸ್ಕರು ಹಾಕಿಸಿಕೊಂಡಿದ್ದಾರೆ ಎಂದು ಹಲವು ಸಮೀಕ್ಷೆಗಳು ಕೇಳುತ್ತಿದ್ದವು. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಡೆಲ್ಫಿ ತಂಡ ಫೇಸ್‌ಬುಕ್ ಮೂಲಕ ನಡೆಸುತ್ತಿದ್ದ ಸಮೀಕ್ಷೆಗೆ ವಾರಕ್ಕೆ ಸುಮಾರು 2.5 ಲಕ್ಷ ಮಂದಿ ಉತ್ತರಿಸುತ್ತಿದ್ದರು. ಇಷ್ಟು ದೊಡ್ಡ ಮಾದರಿಯಲ್ಲಿ ಆಕಸ್ಮಿಕವಾಗಿ ಯಾರು ಸಿಕ್ಕರು, ಯಾರು ಸಿಗಲಿಲ್ಲ ಎಂಬುದರಿಂದ ಬರುವ ಏರುಪೇರು ಶೇ. 0.2ರ ಆಸುಪಾಸು ಮಾತ್ರ. ಆದರೆ ಹಾಕಿದ ಡೋಸ್‌ಗಳ ಸರ್ಕಾರಿ ಲೆಕ್ಕ ಹೊರಬಂದಾಗ ಸಮೀಕ್ಷೆಯ ಅಂಕಿ 17 ಶೇಕಡಾಂಶದಷ್ಟು ಹೆಚ್ಚಿತ್ತು. ಈ ಹೋಲಿಕೆ ಅದೇ ವರ್ಷ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಯಿತು.

ಆಹ್ವಾನ ಕಂಡವರಲ್ಲಿ ಉತ್ತರಿಸಿದವರು ನೂರಕ್ಕೆ ಒಬ್ಬರಷ್ಟೇ. ಆ ಒಬ್ಬರು ಉಳಿದ ತೊಂಬತ್ತೊಂಬತ್ತು ಜನರಂತೆಯೇ ಇದ್ದರೆ ತೊಂದರೆಯಿಲ್ಲ. ಇಲ್ಲದಿದ್ದರೆ, ಮಾದರಿ ದೊಡ್ಡದಾದಷ್ಟೂ ತಪ್ಪು ಉತ್ತರದ ಮೇಲೆ ನಮಗೆ ನಂಬಿಕೆ ಹೆಚ್ಚುತ್ತದೆ, ಅಷ್ಟೇ. ಉತ್ತರಿಸದವರಿಂದ ಬರುವ ಈ ವಾಲಿಕೆಯನ್ನು ಸರಿಪಡಿಸಲು ಸಮೀಕ್ಷಕರು ಹಿಡಿಯುವ ದಾರಿಯೇ 'ತೂಕ' ಕೊಡುವುದು. ಅದು ಹೇಗೆ ಎಂದು ಒಂದು ಕಲ್ಪಿತ ಊರಿನಲ್ಲಿ ನೋಡೋಣ.

ಆ ಊರಿನ ವಯಸ್ಕರಲ್ಲಿ ಶೇ. 40 ಪದವೀಧರರು, ಶೇ. 60 ಪದವಿ ಇಲ್ಲದವರು. ಲಸಿಕೆ ಹಾಕಿಸಿಕೊಂಡವರು ಮೊದಲ ಗುಂಪಿನಲ್ಲಿ ಶೇ. 80, ಎರಡನೆಯದರಲ್ಲಿ ಶೇ. 60. ಇಡೀ ಊರಿಗೆ ನಿಜವಾದ ಉತ್ತರ ಶೇ. 68. ಸಮೀಕ್ಷೆಗೆ ನೂರು ಜನ ಉತ್ತರಿಸಿದರು. ಆದರೆ ಅವರಲ್ಲಿ 60 ಮಂದಿ ಪದವೀಧರರು, 40 ಮಂದಿ ಪದವಿ ಇಲ್ಲದವರು. ಲಸಿಕೆ ಪಡೆದವರು ಮೊದಲ ಗುಂಪಿನಲ್ಲಿ 48, ಎರಡನೆಯದರಲ್ಲಿ 24, ಒಟ್ಟು 72. ಈಗ ಪ್ರತಿ ಪದವೀಧರನನ್ನು ಒಬ್ಬನೆಂದು ಎಣಿಸದೆ 40/60, ಅಂದರೆ 0.67 ಎಂದು ಎಣಿಸಿ. ಪದವಿ ಇಲ್ಲದ ಪ್ರತಿಯೊಬ್ಬರನ್ನೂ 60/40, ಅಂದರೆ 1.5 ಎಂದು ಎಣಿಸಿ. ನಲವತ್ತೆಂಟು 32 ಆಗುತ್ತದೆ, ಇಪ್ಪತ್ನಾಲ್ಕು 36 ಆಗುತ್ತದೆ. ಕೂಡಿದರೆ 68. ಲೆಕ್ಕ ಸರಿಹೋಯಿತು.

ಇದು ಪುಕ್ಕಟೆಯಲ್ಲ. ಕೆಲವರ ಉತ್ತರಕ್ಕೆ ಹೆಚ್ಚು ತೂಕ ಬಿದ್ದಾಗ ಅವರಲ್ಲೊಬ್ಬರು ಆಚೀಚೆಯಾದರೂ ಫಲಿತಾಂಶ ಹೆಚ್ಚು ಅಲ್ಲಾಡುತ್ತದೆ. ಈ ತೂಕಗಳಲ್ಲಿ ನಮ್ಮ ನೂರು ಜನ ಸುಮಾರು 86 ಜನರಷ್ಟೇ ಕೆಲಸ ಮಾಡುತ್ತಾರೆ. ಅದನ್ನು ಸಹಿಸಿಕೊಳ್ಳಬಹುದು. ಸಹಿಸಲಾಗದ್ದು ಮುಂದಿದೆ.

ಪದವಿ ಇಲ್ಲದವರಲ್ಲಿ ಫಾರಂ ತುಂಬುವ ಮನಸ್ಸು ಮಾಡಿದವರು, ತುಂಬದ ತಮ್ಮದೇ ನೆರೆಯವರಿಗಿಂತ ಲಸಿಕೆಯ ಕಡೆಗೂ ಹೆಚ್ಚು ಒಲವುಳ್ಳವರು ಎಂದಿಟ್ಟುಕೊಳ್ಳಿ. ಆ ನಲವತ್ತರಲ್ಲಿ 24ರ ಬದಲು 30 ಮಂದಿ ಲಸಿಕೆ ಪಡೆದಿದ್ದಾರೆ. ತೂಕವಿಲ್ಲದೆ ಎಣಿಸಿದರೆ ಶೇ. 78. ತೂಕ ಕೊಟ್ಟರೆ 32 ಮತ್ತು 45, ಅಂದರೆ ಶೇ. 77. ಹತ್ತು ಅಂಶದ ತಪ್ಪಿನಲ್ಲಿ ಒಂದೇ ಅಂಶ ಇಳಿಯಿತು. ತೂಕ ಗುಂಪುಗಳ ಗಾತ್ರವನ್ನು ಸರಿಮಾಡುತ್ತದೆ. ಗುಂಪಿನೊಳಗೆ ಬಾಯಿಬಿಟ್ಟವರೂ ಸುಮ್ಮನಿದ್ದವರೂ ಒಂದೇ ಥರ ಎಂದು ಅದು ನಂಬಿಕೊಂಡಿರುತ್ತದೆ. ಸುಮ್ಮನಿದ್ದವರ ಉತ್ತರ ನಮ್ಮ ಬಳಿ ಇಲ್ಲ, ಹಾಗಾಗಿ ಆ ನಂಬಿಕೆಯನ್ನು ಫಾರಂಗಳನ್ನು ಎಷ್ಟು ತಿರುವಿಹಾಕಿದರೂ ಪರೀಕ್ಷಿಸಲಾಗದು.

ಫೇಸ್‌ಬುಕ್ ಸಮೀಕ್ಷೆಯ ತೂಕಗಳು ವಯಸ್ಸು, ಲಿಂಗಗಳನ್ನು ಸರಿದೂಗಿಸುತ್ತಿದ್ದವು. ಶಿಕ್ಷಣ ಮತ್ತು ಜನಾಂಗ ಅವುಗಳಲ್ಲಿ ಇರಲಿಲ್ಲ. ಹಾಗಾದರೆ ಅವನ್ನು ಸೇರಿಸಿದರೆ ಮುಗಿಯಿತೇ? ಅಮೆರಿಕದ ಜನಗಣತಿ ಇಲಾಖೆ ಅದೇ ಕಾಲದಲ್ಲಿ ನಡೆಸುತ್ತಿದ್ದ ಸಮೀಕ್ಷೆಯ ತೂಕಗಳಲ್ಲಿ ಶಿಕ್ಷಣವೂ ಜನಾಂಗವೂ ಇದ್ದವು. ಅಲ್ಲಿ ಉತ್ತರಿಸಿದವರು ನೂರಕ್ಕೆ ಆರರಿಂದ ಎಂಟು ಮಂದಿ. ಅದರ ಅಂಕಿಯೂ 14 ಅಂಶದಷ್ಟು ಹೆಚ್ಚೇ ಬಂತು. ನಮ್ಮ ಕಲ್ಪಿತ ಊರಿನ ಎರಡನೆಯ ಲೆಕ್ಕ ನೆನಪಿಗೆ ಬರುವುದು ಇಲ್ಲೇ.

ಅದೇ ಹೊತ್ತಿಗೆ ಆಕ್ಸಿಯೋಸ್ ಮತ್ತು ಇಪ್ಸೋಸ್ ಸೇರಿ ನಡೆಸುತ್ತಿದ್ದ ಸಮೀಕ್ಷೆಯಲ್ಲಿ ಒಂದು ಸಲಕ್ಕೆ ಸುಮಾರು ಸಾವಿರ ಜನ ಮಾತ್ರ ಇರುತ್ತಿದ್ದರು. ಅದರ ಅಂಕಿ ಸರ್ಕಾರಿ ಲೆಕ್ಕದ ಹತ್ತಿರವೇ ಸಾಗಿತು. ಮನೆ ವಿಳಾಸಗಳಿಂದ ಆರಿಸಿದ ಕಾಯಂ ತಂಡ ಅವರದು. ಇಂಟರ್ನೆಟ್ ಇಲ್ಲದ ಮನೆಗೆ ಟ್ಯಾಬ್ಲೆಟ್ಟನ್ನೂ ಸಂಪರ್ಕವನ್ನೂ ಅವರೇ ಕೊಡುತ್ತಿದ್ದರು. ಹಣ ಖರ್ಚಾದದ್ದು ತಲೆಯೆಣಿಕೆಗಲ್ಲ, ಸುಲಭವಾಗಿ ಸಿಗದವರನ್ನು ಹಿಡಿದು ತರಲು. ನನ್ನನ್ನು ಕೇಳಿದರೆ ತೂಕದ ಸೂತ್ರಕ್ಕಿಂತ ಈ ಖರ್ಚೇ ಮೇಲು.

ಲಸಿಕೆಯ ವಿಷಯದಲ್ಲಿ ತಪ್ಪು ಬಯಲಾದದ್ದು ಡೋಸ್‌ಗಳ ಲೆಕ್ಕ ಬೇರೆಡೆ ಇದ್ದುದರಿಂದ. ಮನಸ್ಸಿನ ಬೇಸರ, ಊಟದ ಅಭ್ಯಾಸ ಇಂಥವಕ್ಕೆ ಅಂಥ ಲೆಕ್ಕ ಇರುವುದಿಲ್ಲ. ಅದಕ್ಕೇ ಅನುಭವಿಗಳು ಪ್ರಶ್ನಾವಳಿಯಲ್ಲಿ ನಿಜವಾದ ಉತ್ತರ ಮೊದಲೇ ಗೊತ್ತಿರುವ ಒಂದೆರಡು ಪ್ರಶ್ನೆಗಳನ್ನು ಸೇರಿಸಿ, ಅವನ್ನು ತೂಕದ ಲೆಕ್ಕಕ್ಕೆ ಬಳಸದೆ ಬದಿಗಿಡುತ್ತಾರೆ. ತೂಕ ಕೊಟ್ಟ ಮೇಲೂ ಆ ಉತ್ತರಗಳು ಗೊತ್ತಿರುವ ಅಂಕಿಯಿಂದ ದೂರವೇ ಉಳಿದರೆ, ಉಳಿದ ಪ್ರಶ್ನೆಗಳ ಅಂಕಿಗಳನ್ನು ಪ್ರಕಟಿಸುವ ಮುಂಚೆ ಉತ್ತರಿಸದವರ ಮನೆಗೆ ಮತ್ತೊಮ್ಮೆ ಹೋಗಬೇಕಾಗುತ್ತದೆ.